"ಇಷ್ಟವಾಗಿದ್ರೆ ಬರೀರಿ" ಅಂದದ್ದರಲ್ಲೇ ತಪ್ಪಿತ್ತು: ತುಮಕೂರಿನ ಒಂದು ಗ್ಯಾರೇಜಿನ ಪ್ರಕರಣ

ತುಮಕೂರಿನಲ್ಲಿ ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಅದರ ಜೊತೆಗೆ ಅವರ ಗೂಗಲ್ ಪುಟ, ವಾಟ್ಸಾಪ್ ನಂಬರು ಇವನ್ನೂ ನೋಡಿಕೊಳ್ಳಬೇಕಾಗುತ್ತದೆ. ಲೆಕ್ಕ ನೋಡುವವನಿಗೆ ಫೋನೂ ಗೊತ್ತಿರುತ್ತೆ ಎಂಬುದು ಇಲ್ಲಿಯವರ ನಂಬಿಕೆ. ಹೀಗೆ ನನ್ನ ಕೈಗೆ ಬಂದದ್ದು ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಟೂ ವೀಲರ್ ಗ್ಯಾರೇಜು. ಯಜಮಾನರು, ನಾಲ್ವರು ಮೆಕ್ಯಾನಿಕ್‌ಗಳು, ಗಾಡಿ ತೊಳೆಯುವ ಒಬ್ಬ ಹುಡುಗ, ಕೌಂಟರಿನಲ್ಲಿ ಜಾಬ್ ಕಾರ್ಡ್ ಬರೆಯುವ ಒಬ್ಬ ಹುಡುಗಿ. ತಿಂಗಳಿಗೆ ಇನ್ನೂರ ಮೂವತ್ತು, ಇನ್ನೂರ ನಲವತ್ತು ಗಾಡಿ ಬರುತ್ತವೆ. ಹೆಸರು ಬೇಡ.

ಅವರು ನನ್ನನ್ನು ಕರೆಸಿದ್ದು ಒಂದು ಸೋಮವಾರ ಬೆಳಿಗ್ಗೆ. ಹಿಂದಿನ ದಿನದವರೆಗೆ ಪುಟದಲ್ಲಿ 187 ರಿವ್ಯೂ, 4.9 ಅಂಕ ಇತ್ತು. ಬೆಳಿಗ್ಗೆ ನೋಡಿದರೆ 126 ರಿವ್ಯೂ, 4.8. ಒಂದೇ ರಾತ್ರಿಯಲ್ಲಿ 61 ರಿವ್ಯೂ ಮಾಯ. "ಆ ಕಡೆ ಗ್ಯಾರೇಜಿನೋನು ಕಂಪ್ಲೇಂಟ್ ಕೊಟ್ಟವ್ನೆ ಸ್ವಾಮಿ" ಎಂದು ಯಜಮಾನರು ತೀರ್ಪು ಕೊಟ್ಟಾಗಿತ್ತು. ನಾನು ಹೋದ 61ರ ಸ್ವರೂಪ ನೋಡಲು ಕೂತೆ. ಹಳೆಯ ರಿವ್ಯೂ ಬಂದಾಗಲೆಲ್ಲ ಗೂಗಲ್ ಮೇಲ್ ಕಳಿಸಿತ್ತು, ಅವೆಲ್ಲ ಇನ್ನೂ ಇನ್‌ಬಾಕ್ಸಿನಲ್ಲಿದ್ದವು. ಹೋದವೆಲ್ಲ 5 ಸ್ಟಾರಿನವೇ. ಅವುಗಳಲ್ಲಿ ಹೆಚ್ಚಿನವು ಗಣೇಶನ ಹಬ್ಬದ ಆಸುಪಾಸಿನ ಮೂರು ವಾರದಲ್ಲಿ ಬಂದವು. ಆ ಮೂರು ವಾರದಲ್ಲಿ ಕೌಂಟರಿನ ಮೇಲೆ ಒಂದು ಬೋರ್ಡ್ ಇತ್ತು: "ಗೂಗಲ್ ರಿವ್ಯೂ ಹಾಕಿ, ವಾಟರ್ ವಾಶ್ ಉಚಿತ."

ಯಾವ ರಿವ್ಯೂ ಯಾಕೆ ತೆಗೆದೆ ಎಂದು ಗೂಗಲ್ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಬೋರ್ಡೇ ಕಾರಣ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಅದರ ನಿಯಮದಲ್ಲಿ ಮಾತು ಸ್ಪಷ್ಟವಾಗಿದೆ. ರಿವ್ಯೂಗೆ ಬದಲಾಗಿ ದುಡ್ಡು, ರಿಯಾಯಿತಿ, ಪುಕ್ಕಟೆ ಸಾಮಾನು ಅಥವಾ ಸೇವೆ ಕೊಡುವಂತಿಲ್ಲ. ಕೆಟ್ಟ ರಿವ್ಯೂ ಬದಲಿಸಲಿಕ್ಕೆ, ತೆಗೆಸಲಿಕ್ಕೆ ಕೊಟ್ಟರೂ ಅದೇ ತಪ್ಪು. ಕೆಟ್ಟದ್ದು ಬರೆಯಬೇಡಿ ಎಂದು ತಡೆಯುವಂತಿಲ್ಲ, ಒಳ್ಳೆಯದನ್ನು ಹೇಳುವವರನ್ನೇ ಆರಿಸಿ ಕೇಳುವಂತಿಲ್ಲ. ಮೀರಿದರೆ ರಿವ್ಯೂ ತೆಗೆಯುತ್ತಾರೆ. ಇನ್ನೂ ಮುಂದಕ್ಕೆ ಹೋದರೆ ಸ್ವಲ್ಪ ಕಾಲ ಹೊಸ ರಿವ್ಯೂ ಬರದ ಹಾಗೆ ಮಾಡಬಹುದು, ಈ ಪುಟದಲ್ಲಿ ನಕಲಿ ರಿವ್ಯೂ ತೆಗೆಯಲಾಗಿದೆ ಎಂದು ಎಲ್ಲರಿಗೂ ಕಾಣುವ ಹಾಗೆ ಎಚ್ಚರಿಕೆಯನ್ನೂ ಹಾಕಬಹುದು. ಅಷ್ಟು ದೂರ ಇವರದು ಹೋಗಿರಲಿಲ್ಲ.

ಯಜಮಾನರ ವಾದವನ್ನೂ ಹೇಳಬೇಕು, ಅದು ಪೊಳ್ಳಲ್ಲ. "ನಾವು ಐದು ಸ್ಟಾರೇ ಹಾಕಿ ಅಂದಿಲ್ಲವಲ್ಲ. ರಿವ್ಯೂ ಹಾಕಿ ಅಂದ್ವಿ, ಅಷ್ಟೆ. ಒಂದು ಸ್ಟಾರ್ ಹಾಕಿದ್ರೂ ತೊಳೆದುಕೊಡ್ತಿದ್ವಿ." ಇದು ನಿಜ. ನಕಲಿ ರಿವ್ಯೂ ತಡೆಯಲು ಅಮೆರಿಕದಲ್ಲಿ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ನಿಯಮ ಕೂಡ, ರಿವ್ಯೂಗೆ ದುಡ್ಡು ಕೊಡುವ ವಿಷಯದಲ್ಲಿ, ಹಿಡಿಯುವುದು ಇಂಥದ್ದೇ ಅಭಿಪ್ರಾಯ ಬರೆಯಬೇಕು ಎಂಬ ಷರತ್ತಿನ ಮೇಲೆ ಕೊಡುವ ದುಡ್ಡನ್ನು. ಗೂಗಲ್ ಆ ವ್ಯತ್ಯಾಸ ಮಾಡುವುದಿಲ್ಲ. ಯಾಕೆ ಮಾಡಬಾರದು ಎಂಬುದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕೇಳಿಕೊಂಡೇ ಬೆಳೆದವರು ನಾವು. ಎದುರಿಗೆ ಹುಡುಗನೊಬ್ಬ ಗಾಡಿಗೆ ನೊರೆ ಹಾಕಿ ಪುಕ್ಕಟೆ ತೊಳೆಯುತ್ತಿರುವಾಗ, ಕೈಯಲ್ಲಿರುವ ಫೋನಿನಲ್ಲಿ 3 ಒತ್ತುವ ಎದೆಗಾರಿಕೆ ಎಷ್ಟು ಜನಕ್ಕೆ ಇರುತ್ತದೆ? ಷರತ್ತು ಬೋರ್ಡಿನ ಮೇಲೆ ಇರಲಿಲ್ಲ, ಮರ್ಯಾದೆಯೊಳಗೆ ಇತ್ತು. 187ರಲ್ಲಿ 5 ಸ್ಟಾರು 180, 4 ಸ್ಟಾರು ಮೂರು, 1 ಸ್ಟಾರು ನಾಲ್ಕು. ನಡುವಿನ 2, 3 ಒಂದೂ ಇಲ್ಲ. ಬೇರೆ ಏನನ್ನೂ ನೋಡದೆ ಇಷ್ಟರಿಂದಲೇ ಅನುಮಾನ ಪಡಬಹುದಿತ್ತು. ಇನ್ನೂರು ಗಾಡಿ ಬಿಚ್ಚಿ ಕೂಡಿಸುವ ಜಾಗದಲ್ಲಿ "ಪರವಾಗಿಲ್ಲ" ಅನ್ನುವವರು ಒಬ್ಬರೂ ಇಲ್ಲ ಅಂದರೆ, ಅವರನ್ನು ಯಾರೂ ಕೇಳಿಲ್ಲ ಎಂದರ್ಥ.

ಬೋರ್ಡ್ ತೆಗೆಸುವುದು ಒಂದು ನಿಮಿಷದ ಕೆಲಸ. ಅದಾದ ಮೇಲೂ ಕೇಳುವ ಕ್ರಮದಲ್ಲೇ ಏನೋ ಇದೆ ಅನ್ನಿಸಿತು. ಎರಡು ದಿನ ಕೌಂಟರಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ.

ಮೊದಲ ದಿನ ಸಂಜೆ ಐದೂವರೆ. ಕಚೇರಿ ಬಿಟ್ಟವರು ಗಾಡಿ ತೆಗೆದುಕೊಳ್ಳಲು ಬರುವ ಹೊತ್ತು. ಒಬ್ಬರು ಬಂದರು, ಬಿಲ್ ನೋಡಿ ನಕ್ಕರು, ಗಾಡಿ ಸ್ಟಾರ್ಟ್ ಮಾಡಿ ತಲೆಯಾಡಿಸಿದರು. ಕೌಂಟರಿನ ಹುಡುಗಿ ತಕ್ಷಣ ಕ್ಯೂಆರ್ ಕಾರ್ಡ್ ಮುಂದಿಟ್ಟಳು, "ಸರ್, ನಮ್ಮ ಕೆಲಸ ಇಷ್ಟವಾಗಿದ್ರೆ ಎರಡು ಮಾತು ಬರೀರಿ." ಮುಂದಿನವರು ಎರಡನೇ ಸಲ ಬಂದವರು, ಮೊನ್ನೆ ಕಟ್ಟಿಸಿದ ಕ್ಲಚ್ ಮತ್ತೆ ಜಾರುತ್ತಿದೆ ಎಂದು. ಅವರು ಬಿಲ್ ಕಟ್ಟುವಾಗ ಕಾರ್ಡ್ ಮೇಜಿನ ಕೆಳಗೇ ಉಳಿಯಿತು. ಮೂರನೆಯವರು ಫೋನ್ ತೆಗೆದು ಹುಡುಕುತ್ತಿದ್ದರು. ಮೆಕ್ಯಾನಿಕ್ ಒಬ್ಬ ಬಂದು, "ಕೊಡಿ ಸರ್, ನಾನೇ ಒತ್ತಿ ಕೊಡ್ತೀನಿ" ಎಂದು ಎಣ್ಣೆ ಬೆರಳಲ್ಲೇ ಐದನೇ ಸ್ಟಾರು ಒತ್ತಿ, ಹೆಸರು ಬರೀರಿ ಅಂದ. ಅವನ ಹೆಸರು. ಆಮೇಲೆ ಗೊತ್ತಾಯಿತು, ತನ್ನ ಹೆಸರಿರುವ ಪ್ರತಿ ರಿವ್ಯೂಗೆ ಮೆಕ್ಯಾನಿಕ್‌ಗೆ 20 ರೂಪಾಯಿ.

ಇಲ್ಲಿ ಯಾರದೂ ಮೋಸದ ಬುದ್ಧಿಯಲ್ಲ. ಸಿಟ್ಟಿನಲ್ಲಿರುವವರ ಮುಂದೆ ಕಾರ್ಡ್ ಹಿಡಿಯಲು ಆ ಹುಡುಗಿಗೆ ನಾಚಿಕೆ, ಅಷ್ಟೆ. ಮೆಕ್ಯಾನಿಕ್‌ಗೆ ಇಪ್ಪತ್ತು ರೂಪಾಯಿ ಎಂದರೆ ಒಂದು ಕಾಫಿ. ಆದರೆ ಯಾರನ್ನು ಕೇಳಬೇಕು ಎಂಬುದನ್ನು ಇಬ್ಬರೂ ಗಿರಾಕಿಯ ಮುಖ ನೋಡಿ ನಿರ್ಧರಿಸುತ್ತಿದ್ದರು. ಆ ನಿರ್ಧಾರ ಅವರ ಕೈಯಲ್ಲಿ ಇರುವವರೆಗೆ 4.9 ಎಂಬುದು ಗ್ಯಾರೇಜಿನ ಕೆಲಸದ ಅಳತೆಯಲ್ಲ, ಹುಡುಗಿ ಎಷ್ಟು ಚೆನ್ನಾಗಿ ಮುಖ ಓದುತ್ತಾಳೆ ಎಂಬುದರ ಅಳತೆ. ಇಪ್ಪತ್ತು ರೂಪಾಯಿ ನಿಲ್ಲಿಸಿ ಎಂದು ಯಜಮಾನರಿಗೆ ಹೇಳಿದೆ. ಹುಡುಗರಿಗೆ ಕೊಡುವುದಿದ್ದರೆ ಎರಡನೇ ಸಲ ವಾಪಸ್ ಬಾರದ ಗಾಡಿಗಳ ಲೆಕ್ಕದ ಮೇಲೆ ಕೊಡಿ ಎಂದೆ. ಒಪ್ಪಿದರು, ಗೊಣಗಿಕೊಂಡು.

"ಇಷ್ಟವಾಗಿದ್ರೆ ಬರೀರಿ" ಎಂಬ ಮಾತಿನ ಬಗ್ಗೆ ಸ್ವಲ್ಪ ಜಗಳವೇ ಆಯಿತು. ಅದು ವಿನಯದ ಮಾತು, ನಮ್ಮಲ್ಲಿ ಎಲ್ಲ ಅಂಗಡಿಯವರೂ ಆಡುವ ಮಾತು. ನಾನೇ ಎಷ್ಟೋ ಅಂಗಡಿಗೆ ಹಾಗೆ ಬರೆದುಕೊಟ್ಟಿದ್ದೇನೆ. ಆದರೆ ಅದರ ಅರ್ಥ ಬಿಡಿಸಿ ನೋಡಿ. ಇಷ್ಟವಾಗದಿದ್ದರೆ? ಬರೀಬೇಡಿ ಎಂದೇ ತಾನೇ. ಕೆಲವು ಕಡೆ ಇದನ್ನೇ ಯಂತ್ರ ಮಾಡಿಟ್ಟಿದ್ದಾರೆ. ಮೊದಲು ಒಂದು ಪುಟ ಬರುತ್ತದೆ, ನಮ್ಮ ಸೇವೆ ಹೇಗಿತ್ತು ಎಂದು. 4, 5 ಒತ್ತಿದವರನ್ನು ಗೂಗಲ್‌ಗೆ ಕಳಿಸುತ್ತದೆ, ಅದಕ್ಕಿಂತ ಕಡಿಮೆ ಒತ್ತಿದವರಿಗೆ "ದಯವಿಟ್ಟು ನಿಮ್ಮ ದೂರು ನಮಗೆ ತಿಳಿಸಿ" ಎಂಬ ಅರ್ಜಿ ತೆರೆಯುತ್ತದೆ. ಅದನ್ನು ಗೂಗಲ್ 2018ರಲ್ಲೇ ನಿಷೇಧಿಸಿದೆ. ಒಂದು ಸಾಫ್ಟ್‌ವೇರು ಮಾಡುವ ಕೆಲಸವನ್ನು ನಮ್ಮ ವಿನಯದ ವಾಕ್ಯ ಒಂದೇ ಪದದಲ್ಲಿ ಮಾಡಿಬಿಡುತ್ತದೆ.

ಹೊಸ ಕ್ರಮ ಕಟ್ಟುವಾಗ ನನಗೆ ಹೆಚ್ಚು ಯೋಚನೆಗೆ ಹಚ್ಚಿದ್ದು ಯಾರನ್ನು ಕೇಳಬೇಕು ಎಂಬುದಲ್ಲ, ಅದಕ್ಕೆ ಉತ್ತರ ಸುಲಭ: ಎಲ್ಲರನ್ನೂ. ಕಷ್ಟವಾದದ್ದು ಯಾವಾಗ ಕೇಳಬೇಕು ಎಂಬುದು. ಸರ್ವಿಸ್ ಆದ ಸಂಜೆ ಗಾಡಿ ತೊಳೆದಿರುತ್ತದೆ, ಚೈನಿಗೆ ಎಣ್ಣೆ ಬಿದ್ದಿರುತ್ತದೆ, ಹೊಸ ಇಂಜಿನ್ ಆಯಿಲ್‌ನಿಂದ ಸದ್ದು ತಗ್ಗಿರುತ್ತದೆ. ಆ ಹೊತ್ತಿಗೆ ಕೇಳಿದರೆ ಎಲ್ಲರೂ ಸುಖಿಗಳು. ಡ್ರೈನ್ ಬೋಲ್ಟ್ ಸರಿಯಾಗಿ ಬಿಗಿಯಾಗಿಲ್ಲ ಎಂಬುದು ಗೊತ್ತಾಗುವುದು ಮಾರನೆಯ ಬೆಳಿಗ್ಗೆ, ಮನೆ ಮುಂದಿನ ಕಲ್ಲಿನ ಮೇಲೆ ಎಣ್ಣೆ ತೊಟ್ಟಿಕ್ಕಿದಾಗ. ಚೋಕ್ ಹಾಕದೆ ಸ್ಟಾರ್ಟ್ ಆಗುತ್ತಾ, ಬ್ರೇಕ್ ಕಿರುಚುತ್ತಾ, ಚೈನ್ ಮತ್ತೆ ಜೋತುಬಿತ್ತಾ ಎನ್ನುವುದು ಎರಡು ಮೂರು ದಿನ ಓಡಿಸಿದ ಮೇಲೆ ತಿಳಿಯುವ ಸಂಗತಿ. ಅಂದರೆ ಎಲ್ಲರನ್ನೂ ಕೇಳಿದರೂ ಕೌಂಟರಿನಲ್ಲಿ ಕೇಳಿದರೆ ಅಳೆಯುವುದು ತೊಳೆಯುವ ಹುಡುಗನ ಕೆಲಸವನ್ನೇ. ಹಾಗೆಂದು ಹದಿನೈದು ದಿನ ಬಿಟ್ಟರೆ ಸುಖವಾಗಿ ಓಡಿಸುತ್ತಿರುವವರು ಗ್ಯಾರೇಜನ್ನೇ ಮರೆತಿರುತ್ತಾರೆ, ನೆನಪಿರುವುದು ತೊಂದರೆ ಆದವರಿಗೆ ಮಾತ್ರ. ಅದೂ ಇನ್ನೊಂದು ಬಗೆಯ ಓರೆ. ಕೊನೆಗೆ ನಾಲ್ಕನೇ ದಿನ ಎಂದು ಗೊತ್ತುಮಾಡಿದೆವು. ಬೋರ್ ಮಾಡಿಸಿ ಪಿಸ್ಟನ್ ಹಾಕಿಸಿದ ಗಾಡಿ ಪಳಗಲಿಕ್ಕೆ ನಾಲ್ಕು ದಿನ ಸಾಲದು, ಅದಕ್ಕೆ ಇಪ್ಪತ್ತು ದಿನ. ಕೆಲಸ ನೋಡಿ ದಿನ ಬದಲಾಗಬಹುದು, ಗಿರಾಕಿಯನ್ನು ನೋಡಿ ಬದಲಾಗಬಾರದು.

ಮೆಸೇಜು ಹೀಗಿತ್ತು:

"ನಮಸ್ಕಾರ. ನಾಲ್ಕು ದಿನದ ಹಿಂದೆ ನಿಮ್ಮ ಗಾಡಿ ನಮ್ಮಲ್ಲಿ ಸರ್ವಿಸ್ ಆಯಿತು. ಓಡಿಸಿ ಹೇಗನ್ನಿಸಿತು ಎಂಬುದನ್ನು, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಇದ್ದ ಹಾಗೆ ಈ ಲಿಂಕಿನಲ್ಲಿ ಬರೆಯಬಹುದು. ಬರೆಯಲೇಬೇಕೆಂದಿಲ್ಲ. ಗಾಡಿಯಲ್ಲಿ ಏನಾದರೂ ತೊಂದರೆ ಉಳಿದಿದ್ದರೆ ಇದೇ ನಂಬರಿಗೆ ಫೋನ್ ಮಾಡಿ. ಬರೆದರೂ ಬರೆಯದಿದ್ದರೂ ನೋಡಿಕೊಡುತ್ತೇವೆ."

ಲಿಂಕು ಗೂಗಲ್ ಪುಟದ ಒಳಗೇ ಸಿಗುತ್ತದೆ, `g.page/r/` ಎಂದು ಶುರುವಾಗಿ `/review` ಎಂದು ಮುಗಿಯುತ್ತದೆ, ನೇರ ಬರೆಯುವ ಜಾಗಕ್ಕೇ ಹೋಗುತ್ತದೆ. ನಡುವೆ ನಮ್ಮ ಪುಟ ಯಾವುದೂ ಇಲ್ಲ. ಕೊನೆಯ ಎರಡು ಸಾಲಿನ ಬಗ್ಗೆ ಕೆಲವರು ತಕರಾರು ತೆಗೆಯುತ್ತಾರೆ, ದೂರಿದ್ದವರನ್ನು ಫೋನಿನ ಕಡೆ ತಿರುಗಿಸಿದ ಹಾಗಾಯಿತಲ್ಲ ಎಂದು. ನನ್ನ ಪ್ರಕಾರ ಇಲ್ಲ. ಲಿಂಕು, ಫೋನು ಎರಡೂ ಎಲ್ಲರಿಗೂ ಒಂದೇ ಮೆಸೇಜಿನಲ್ಲಿ ಹೋಗುತ್ತವೆ, ಆರಿಸಿಕೊಳ್ಳುವವರು ಅವರು. ಫೋನ್ ಮಾಡಿದವರಿಗೆ ಲಿಂಕು ತಪ್ಪಿಸಿದ್ದರೆ ಅದು ತಪ್ಪಾಗುತ್ತಿತ್ತು. ಸಾಲುಗಳ ಕ್ರಮ ಮಾತ್ರ ಬೇಕೆಂದೇ ಹಾಗಿಟ್ಟೆ. ಫೋನಿನ ಸಾಲು ಮೊದಲಿದ್ದರೆ ದೂರಿದ್ದವರು ಲಿಂಕಿನವರೆಗೆ ಓದುವುದೇ ಇಲ್ಲ.

ಕಳಿಸುವ ದಾರಿಯಲ್ಲೂ ಒಂದು ಗುಂಡಿ ಇತ್ತು, ನಾನೇ ಬೀಳುವವನಿದ್ದೆ. ಸುಲಭ ಎಂದು ವಾಟ್ಸಾಪಿನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದೆ. ಬ್ರಾಡ್‌ಕಾಸ್ಟ್ ಮೆಸೇಜ್ ಮುಟ್ಟುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ. ಗ್ಯಾರೇಜಿನ ನಂಬರನ್ನು ಸೇವ್ ಮಾಡಿಕೊಂಡಿರುವವರು ಯಾರು? ವರ್ಷಗಟ್ಟಲೆ ಅಲ್ಲಿಗೇ ಬರುವವರು. ಒಂದೇ ಸಲ ಬಂದು, ಸಾಕಪ್ಪಾ ಎಂದು ಹೋದವರ ಫೋನಿನಲ್ಲಿ ಆ ನಂಬರು ಇರುವುದಿಲ್ಲ. ನೂರಾರು ಜನಕ್ಕೆ ಕಳಿಸಿದೆವು ಎಂದುಕೊಂಡು ಅಭಿಮಾನಿಗಳನ್ನಷ್ಟೇ ಕೇಳಿದ ಹಾಗಾಗುತ್ತಿತ್ತು. ಎಸ್ಸೆಮ್ಮೆಸ್ ಒಟ್ಟಾಗಿ ಕಳಿಸಬೇಕೆಂದರೆ ಟೆಲಿಕಾಂ ನಿಯಮದ ಡಿಎಲ್‌ಟಿ ನೋಂದಣಿ ಬೇಕು, ಇಷ್ಟು ಸಣ್ಣ ಜಾಗಕ್ಕೆ ಅದು ಹೊರೆ. ಲೆಕ್ಕ ಹಾಕಿದರೆ ತಿಂಗಳಿಗೆ 240 ಗಾಡಿ, 26 ದಿನ ಕೆಲಸ, ದಿನಕ್ಕೆ ಒಂಬತ್ತು ಮೆಸೇಜು. ಒಂದೊಂದಾಗಿ ಕಳಿಸಿದರೂ ಹತ್ತು ನಿಮಿಷ. ಮೊದಲ ತಿಂಗಳು ಸಂಜೆ ಕೂತು ನಾನೇ ಕಳಿಸಿದೆ. ನೆನಪಿನ ಮೆಸೇಜು ಎರಡನೇ ಸಲ ಬೇಡ ಎಂದು ಮೊದಲೇ ಮಾತಾಗಿತ್ತು.

ಆ ತಿಂಗಳು ಮುಗಿದ ಜಾಬ್ ಕಾರ್ಡು 240. ನಂಬರಿಲ್ಲದವು 6. ಕಳಿಸಿದ್ದು 234. ಬರೆದವರು 41 ಜನ. ಅದರಲ್ಲಿ 5 ಸ್ಟಾರು 26, 4 ಸ್ಟಾರು 7, 3 ಸ್ಟಾರು 3, 2 ಸ್ಟಾರು 2, 1 ಸ್ಟಾರು 3. ಆ ತಿಂಗಳಿನದಷ್ಟೇ ಸರಾಸರಿ ತೆಗೆದರೆ 4.24.

ಯಜಮಾನರು ಕಾಗದ ನೋಡಿ ಕನ್ನಡಕ ತೆಗೆದಿಟ್ಟರು. "ಒಂದೇ ತಿಂಗಳಲ್ಲಿ ನಮ್ಮ ಕೆಲಸ ಇಷ್ಟು ಕೆಟ್ಟೋಯ್ತಾ ಸ್ವಾಮಿ?" ಕೆಟ್ಟಿರಲಿಲ್ಲ. ಅದೇ ಮೆಕ್ಯಾನಿಕ್‌ಗಳು, ಅದೇ ಆಯಿಲ್, ಅದೇ ಬಿಲ್. ಬದಲಾದದ್ದು ಕೇಳಿದ ಜನ, ಕೇಳಿದ ದಿನ. 4.24 ಎಂಬುದು ಹಿಂದೆಯೂ ಇತ್ತು, ಅದರ ಮೇಲೆ 4.9 ಎಂಬ ಪೇಂಟು ಹೊಡೆದಿತ್ತು.

ಅವರಿಗೆ ನಾನು ತೋರಿಸಿದ್ದು 3 ಮತ್ತು ಅದಕ್ಕಿಂತ ಕಡಿಮೆ ಕೊಟ್ಟ ಎಂಟು ಜನರ ಮಾತನ್ನು. ನನಗೆ ಈ ಪ್ರಕರಣದ ತಿರುಳೇ ಅದು. ಎಂಟರಲ್ಲಿ ಐವರು ರಿಪೇರಿಯನ್ನು ದೂರಿರಲೇ ಇಲ್ಲ. ಐವರ ದೂರೂ ಒಂದೇ: ಸಂಜೆ ಐದಕ್ಕೆ ಕೊಡ್ತೀವಿ ಅಂದರು, ಮಾರನೆಯ ದಿನ ಕೊಟ್ಟರು. ಒಬ್ಬರು ಬರೆದಿದ್ದರು, ಕೆಲಸ ಚೆನ್ನಾಗಿದೆ, ಆದರೆ ಅವತ್ತು ರಾತ್ರಿ ಕ್ಯಾತ್ಸಂದ್ರಕ್ಕೆ ಆಟೋದಲ್ಲಿ ಹೋದ ದುಡ್ಡು ಯಾರು ಕೊಡ್ತಾರೆ ಎಂದು. ಕೌಂಟರಿನಲ್ಲಿ ಕೇಳಿದ್ದರೆ ಇವರು ಒಬ್ಬರೂ ಸಿಗುತ್ತಿರಲಿಲ್ಲ. ತಡವಾಗಿ ಗಾಡಿ ಪಡೆದವರು ಬೇಸರದಲ್ಲಿ ಬರುತ್ತಾರೆ, ಬೇಸರದ ಮುಖದವರಿಗೆ ಕಾರ್ಡ್ ತೋರಿಸುವ ಪದ್ಧತಿ ಇರಲಿಲ್ಲವಲ್ಲ.

ತಡ ಯಾಕೆ ಎಂದು ಹಿಂದಕ್ಕೆ ಹೋದೆವು. ಬೆಳಿಗ್ಗೆ ಗಾಡಿ ಇಳಿಸಿಕೊಳ್ಳುವಾಗಲೇ ಜಾಬ್ ಕಾರ್ಡಿನಲ್ಲಿ "ಸಂಜೆ 5" ಎಂದು ಬರೆಯುವುದು ರೂಢಿ. ಆಗ ಇನ್ನೂ ಇಂಜಿನ್ ಬಿಚ್ಚಿರುವುದಿಲ್ಲ. ಬಿಚ್ಚಿದ ಮೇಲೆ ಕ್ಲಚ್ ಪ್ಲೇಟ್ ಸವೆದಿರುತ್ತದೆ, ಇಲ್ಲಿ ಆ ಮಾಡೆಲಿನದು ಸ್ಟಾಕ್ ಇರುವುದಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕು. ಅಲ್ಲಿಂದ ಬಸ್ಸಿನಲ್ಲಿ ಪಾರ್ಸೆಲ್ ಬರುವಷ್ಟರಲ್ಲಿ ರಾತ್ರಿಯಾಗುತ್ತದೆ. ಅಂದರೆ ಗೊತ್ತಿಲ್ಲದ ಹೊತ್ತಿನಲ್ಲಿ ಮಾತು ಕೊಡುತ್ತಿದ್ದರು. ಈಗ ಬೆಳಿಗ್ಗೆ ಸಮಯ ಹೇಳುವುದಿಲ್ಲ, "ಬಿಚ್ಚಿ ನೋಡಿ ಹನ್ನೆರಡರ ಒಳಗೆ ಫೋನ್ ಮಾಡ್ತೀವಿ" ಅನ್ನುತ್ತಾರೆ. ಬದಲಾವಣೆ ಇಷ್ಟೇ. ವರ್ಷಗಟ್ಟಲೆ 180 ಐದು ಸ್ಟಾರಿನವರು ಇದನ್ನು ಹೇಳಿರಲಿಲ್ಲ.

ಎರಡನೇ ತಿಂಗಳು ಕಳಿಸುವ ಕೆಲಸವನ್ನು ಕೌಂಟರಿನ ಹುಡುಗಿಗೆ ಒಪ್ಪಿಸಿದೆ. ತಿಂಗಳ ಕೊನೆಗೆ ನಾನು ಮಾಡುವುದು ಒಂದೇ ತಾಳೆ: ಮುಗಿದ ಜಾಬ್ ಕಾರ್ಡ್ ಎಷ್ಟು, ಹೋದ ಮೆಸೇಜ್ ಎಷ್ಟು. ಎರಡೂ ಸಮ ಬರಬೇಕು, ಬರದಿದ್ದರೆ ಪ್ರತಿಯೊಂದಕ್ಕೂ ಕಾರಣ ಬೇಕು. ಲೆಕ್ಕದವನ ಬುದ್ಧಿ, ರೋಕಡಿ ತಾಳೆ ನೋಡುವ ಹಾಗೆ. ಕಾರ್ಡು 228, ಮೆಸೇಜು 209. ವ್ಯತ್ಯಾಸ 19. ಆ ಹತ್ತೊಂಬತ್ತು ಕಾರ್ಡನ್ನೂ ಕೈಯಿಂದ ಹೆಕ್ಕಿ ಮೇಜಿನ ಮೇಲೆ ಹರಡಿದೆ. ಆರರಲ್ಲಿ ನಂಬರಿಲ್ಲ, ಅಥವಾ ಮೆಸೇಜ್ ಕಳಿಸಬೇಡಿ ಎಂದು ಅವರೇ ಹೇಳಿದ್ದರು. ಅದು ಅವರ ಇಷ್ಟ, ಅದನ್ನು ಮೀರುವಂತಿಲ್ಲ. ಉಳಿದ ಹದಿಮೂರರ ಮೇಲೂ ಕೆಂಪು ಇಂಕಿನಲ್ಲಿ ಒಂದೇ ಅಕ್ಷರ, "ರಿ". ರಿಪೀಟ್ ಕಂಪ್ಲೇಂಟ್.

"ಏನಮ್ಮ ಇದು?" ಎಂದೆ.

"ಅವ್ರು ಮೊದ್ಲೇ ಸಿಟ್ಟಲ್ಲಿದ್ರು ಅಣ್ಣ. ಎರಡೆರಡು ಸಲ ಬಂದು ಹೋಗವ್ರೆ. ಮತ್ತೆ ಮೆಸೇಜ್ ಮಾಡಿ ಹೇಗಿತ್ತು ಅಂತ ಕೇಳಿದ್ರೆ ಉರಿಯೋ ಗಾಯಕ್ಕೆ ಉಪ್ಪು ಹಾಕ್ದಂಗೆ ಅಲ್ವಾ?"

ಅವಳು ಯಾರನ್ನೂ ಮರೆಮಾಚಲು ಹೊರಟಿರಲಿಲ್ಲ, ಕರುಣೆ ತೋರಿಸಿದ್ದಳು. ಆರಿಸಿ ಕೇಳುವ ತಪ್ಪು ಹೆಚ್ಚಾಗಿ ಹೀಗೇ ನಡೆಯುತ್ತದೆ, ಸಭ್ಯತೆಯ ವೇಷದಲ್ಲಿ. ಹಾಗಾಗಿಯೇ ಯಾರ ಮನಸ್ಸು ಹೇಗಿದೆ ಎಂದು ವಿಚಾರಿಸುವುದರಿಂದ ಇದು ಸಿಕ್ಕಿಬೀಳುವುದಿಲ್ಲ, ಎರಡು ಸಂಖ್ಯೆ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ. ಆ ಹದಿಮೂರು ಜನಕ್ಕೂ ಅವತ್ತೇ ಸಂಜೆ ಮೆಸೇಜ್ ಹೋಯಿತು. ತಡವಾಗಿ ಕೇಳಿದ್ದು ಸರಿಯಲ್ಲ, ಆದರೂ ಬಿಡುವುದಕ್ಕಿಂತ ವಾಸಿ. ನಾಲ್ವರು ಬರೆದರು. ಒಬ್ಬರು 1, ಒಬ್ಬರು 2. ಇನ್ನಿಬ್ಬರು 5, ಎರಡನೇ ಸಲ ಒಂದು ರೂಪಾಯಿ ತೆಗೆದುಕೊಳ್ಳದೆ ಸರಿಮಾಡಿಕೊಟ್ಟರು ಎಂದು. ಸಿಟ್ಟಿನವರು ಎಂದು ನಾವು ಕೈಬಿಟ್ಟವರಲ್ಲಿ ಅರ್ಧದಷ್ಟು ಹೊಗಳಿಕೆಯೂ ಹೋಗುತ್ತಿತ್ತು. ಇದನ್ನು ನಾನೂ ಊಹಿಸಿರಲಿಲ್ಲ.

ಮೂರನೇ ತಿಂಗಳಿಂದ ಕಳಿಸುವವನು ಯಜಮಾನರ ಕಾಲೇಜು ಓದುವ ಮಗ. ಅವನಿಗೆ ಹೋಗುವುದು ನಂಬರು ಮತ್ತು ತಾರೀಖು ಮಾತ್ರ. ಗಿರಾಕಿಯ ಹೆಸರಿಲ್ಲ, ಕೆಂಪು ಇಂಕಿಲ್ಲ.

1 ಸ್ಟಾರ್ ಕೊಟ್ಟವರೊಬ್ಬರ ವಿಷಯದಲ್ಲಿ ಇನ್ನೊಂದು ಎಡವಟ್ಟು ಆಗುವುದರಲ್ಲಿತ್ತು. ಯಜಮಾನರ ತಮ್ಮ ಅವರಿಗೆ ಫೋನ್ ಹಚ್ಚಿ, ರಿವ್ಯೂ ತೆಗೆದರೆ ಮುಂದಿನ ಸರ್ವಿಸ್ ಫ್ರೀ ಎನ್ನಲು ಹೊರಟಿದ್ದರು. ನಂಬರ್ ಒತ್ತುವಾಗ ಕೈ ಹಿಡಿದೆ. ಗಾಡಿ ತರಿಸಿ, ಸರಿಮಾಡಿ, ರಿವ್ಯೂ ಎಂಬ ಪದವನ್ನೇ ಬಾಯಿಗೆ ತರದೆ ಕಳಿಸಿಕೊಡಿ ಎಂದೆ. ಹಾಗೇ ಮಾಡಿದರು. ಕಾರ್ಬ್ಯುರೇಟರಿನ ಫ್ಲೋಟ್ ಸಿಕ್ಕಿಹಾಕಿಕೊಂಡು ಪೆಟ್ರೋಲ್ ತುಂಬಿ ಹರಿಯುತ್ತಿತ್ತು, ತಪ್ಪು ಗ್ಯಾರೇಜಿನದೇ. ರಿವ್ಯೂ ಇನ್ನೂ ಅಲ್ಲೇ ಇದೆ, 1 ಸ್ಟಾರೇ. ಅದರ ಕೆಳಗೆ ಯಜಮಾನರು ಎರಡು ಸಾಲು ಉತ್ತರ ಬರೆದಿದ್ದಾರೆ, ಏನು ತಪ್ಪಾಗಿತ್ತು, ಯಾವ ದಿನ ಸರಿಮಾಡಿದೆವು ಎಂದು. ತಾನಾಗಿ ಬದಲಿಸಿದ್ದರೆ ಸಂತೋಷ, ಬದಲಿಸಲಿಲ್ಲ.

ತಮ್ಮನ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಉಳಿದ ಹಳೇ ರಿವ್ಯೂಗಳಲ್ಲಿ ಅವರದೊಂದು, ಭಾವಮೈದನದೊಂದು, ಮೆಕ್ಯಾನಿಕ್‌ಗಳದ್ದು ಎರಡು ಇದ್ದವು. ಸ್ವಂತ ವ್ಯಾಪಾರಕ್ಕೆ ತಾವೇ ಬರೆದುಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ಬರೆದವರೇ ಅಳಿಸಬೇಕಾದ್ದರಿಂದ ಒಬ್ಬೊಬ್ಬರ ಫೋನ್ ಇಸಿದುಕೊಂಡು ಅಳಿಸಿದ್ದಾಯಿತು. ಭಾವಮೈದ ಮುನಿಸಿಕೊಂಡರು. ಅವರದು ಮಾತ್ರ ಇನ್ನೂ ಇದೆ.

ಇದಕ್ಕೆಲ್ಲ ಕಾನೂನು ಇದೆಯಾ ಎಂದು ಯಜಮಾನರು ಕೇಳಿದ್ದರು. ಸರ್ಕಾರದ ಮಾನಕ ಸಂಸ್ಥೆ ಬಿಐಎಸ್ 2022ರ ನವೆಂಬರಿನಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ IS 19000:2022 ಎಂಬ ಮಾನಕ ತಂದಿದೆ. ಅದು ಮುಖ್ಯವಾಗಿ ರಿವ್ಯೂ ಸಂಗ್ರಹಿಸಿ ಪ್ರಕಟಿಸುವ ಸಂಸ್ಥೆಗಳಿಗೆ, ಅದೂ ಕಡ್ಡಾಯವಾಗಿ ಅಲ್ಲದೆ ಬಂದದ್ದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನು ಗಿರಾಕಿಯ ವೇಷ ಹಾಕಿ ರಿವ್ಯೂ ಬರೆಯುವಂತಿಲ್ಲ, ಆದರೆ ಅದು ಆನ್‌ಲೈನಿನಲ್ಲಿ ಮಾರುವವರ ಮಾತು. ಈ ಗ್ಯಾರೇಜಿಗೆ ದಿನನಿತ್ಯ ತಾಕುವುದು ಗೂಗಲ್ ನಿಯಮವೇ. ಅದನ್ನೇ ಹೇಳಿದೆ.

ಮೂರು ತಿಂಗಳಾದ ಮೇಲಿನ ಲೆಕ್ಕ: ಮೊದಲ ತಿಂಗಳು 41 ರಿವ್ಯೂ, 4.24. ಎರಡನೆಯದು 38, 4.29. ಮೂರನೆಯದು 44, 4.34. ಯಜಮಾನರು ಏರುತ್ತಿದೆ ಎಂದು ಖುಷಿಪಟ್ಟರು, ನಾನು ತಣ್ಣೀರು ಎರಚಿದೆ. ನಲವತ್ತು ಜನರಲ್ಲಿ ಒಬ್ಬರು 5ರ ಬದಲು 1 ಒತ್ತಿದರೆ ಸರಾಸರಿ 0.1 ಕುಸಿಯುತ್ತದೆ. 0.05ರ ಏರಿಕೆ ಗಾಳಿಗೆ ಬಂದದ್ದೂ ಇರಬಹುದು. ನಾನು ನಂಬುವುದು ಬೇರೆಯದನ್ನು: ತಡದ ಬಗ್ಗೆ ಮೊದಲ ತಿಂಗಳು ಐವರು ದೂರಿದ್ದರು, ಮೂರನೇ ತಿಂಗಳು ಒಬ್ಬರು. ಹಳೆಯದರಲ್ಲಿ ಉಳಿದ 123ನ್ನೂ ಸೇರಿಸಿ ಪುಟದಲ್ಲಿ ಈಗ ಕಾಣುವುದು 4.6. ಆ ಕಡೆಯ ಗ್ಯಾರೇಜಿನದು 4.9. ಹೊಸ ಗಿರಾಕಿ ಫೋನಿನಲ್ಲಿ ಎರಡನ್ನೂ ನೋಡಿ ಅತ್ತ ಹೋಗುವುದಿಲ್ಲವೇ ಎಂದು ಯಜಮಾನರು ತಿಂಗಳಿಗೊಮ್ಮೆ ಕೇಳುತ್ತಾರೆ. ಕೆಲವರು ಹೋಗುತ್ತಿರಬಹುದು. ಹೋಗುವುದಿಲ್ಲ ಎಂದು ಅವರಿಗೆ ನಾನು ಸುಳ್ಳು ಹೇಳಿಲ್ಲ.

ಈ ಕ್ರಮಕ್ಕೆ ಸಿಗದ ಜನವೂ ಇದ್ದಾರೆ. ಗುಬ್ಬಿ, ಕೊರಟಗೆರೆ ಕಡೆಯಿಂದ ಎಕ್ಸೆಲ್ ಗಾಡಿಯಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ ಕಟ್ಟಿಕೊಂಡು ಬರುವ ರೈತರು. ಗಿರಾಕಿಗಳಲ್ಲಿ ಅವರ ಪಾಲು ಸಣ್ಣದಲ್ಲ, ಕೆಲವರ ಕೈಯಲ್ಲಿ ಇಂದಿಗೂ ಬಟನ್ ಫೋನು. ಕೇಳಿದರೂ ಅವರು ಬರೆಯುವುದಿಲ್ಲ. ಹಾಗಾಗಿ 4.6 ಎಂಬುದು ಎಸ್.ಎಸ್. ಪುರಂ, ಬಟವಾಡಿಯ ಕಚೇರಿ ಜನರ ಮಾತೇ ಹೆಚ್ಚು. ರೈತರು ಬಾಯಲ್ಲಿ ಹೇಳಿದ್ದನ್ನು ನಾವೇ ಟೈಪ್ ಮಾಡಿ ಹಾಕಿದರೆ ಏನಂತೆ ಎಂದು ಮಗ ಕೇಳಿದ. ಬೇಡ ಎಂದೆ. ಅವರ ಬಾಯಿಂದ ನಮ್ಮ ಬೆರಳಿಗೆ ಇಳಿಯುವಾಗ ಮಾತು ನಮಗೆ ಬೇಕಾದ ಹಾಗೆ ತಿರುಗುತ್ತದೆ, ಬರೆದವರು ಅವರಲ್ಲ ಎಂಬುದಂತೂ ಇದ್ದೇ ಇದೆ. ಅದರ ಬದಲು ಕೌಂಟರಿನಲ್ಲಿ ದಾರ ಕಟ್ಟಿದ ಪೆನ್ನಿನ ಜೊತೆ ಒಂದು ಉದ್ದನೆಯ ನೋಟ್‌ಪುಸ್ತಕ ಇಟ್ಟಿದ್ದಾರೆ. ಅದಕ್ಕೆ ಸ್ಟಾರಿಲ್ಲ, ಅದು ಆನ್‌ಲೈನಿಗೆ ಹೋಗುವುದಿಲ್ಲ, ಬರೆಯಲು ಬಾರದವರು ಹೇಳಿದ್ದನ್ನು ಅವರ ಮುಂದೆಯೇ ಹುಡುಗಿ ಬರೆದು ಓದಿ ಹೇಳುತ್ತಾಳೆ.

ಮೊನ್ನೆ ಜಿಎಸ್‌ಟಿ ಬಿಲ್ಲುಗಳನ್ನು ಒಯ್ಯಲು ಹೋದಾಗ ತೆರೆದು ನೋಡಿದೆ. ಕೊನೆಯ ಬರಹ ಪೆನ್ನು ಒತ್ತಿ ಒತ್ತಿ ಬರೆದ ದಪ್ಪ ಅಕ್ಷರದಲ್ಲಿತ್ತು: "ಬ್ರೇಕು ಚೆನ್ನಾಗೈತೆ. ಕಾಸು ಜಾಸ್ತಿ ಆಯ್ತು. ಸ್ಟಾಂಡು ಇನ್ನೂ ಅಳ್ಳಾಡ್ತೈತೆ." ಅದರ ಪಕ್ಕದಲ್ಲಿ ಯಜಮಾನರ ಕೈಬರಹ, ಕೆಂಪು ಇಂಕಿನಲ್ಲಿ: "ಸ್ಟಾಂಡ್ ಸ್ಪ್ರಿಂಗ್. ಮುಂದಿನ ಸಲ ಬಂದಾಗ ಹಾಕಿಕೊಡುವುದು. ಕಾಸು ಬೇಡ."